ಈಗಷ್ಟೇ ಪರಿಚಯವಾದವರನ್ನು ಏನು ಕೇಳಬಹುದು, ಎಲ್ಲಿಗೆ ನಿಲ್ಲಿಸಬೇಕು?

ಸುಮಂತ್

ಛಾಯಾಗ್ರಹಣ ತರಗತಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ನಡುವೆ ಹದಿನೈದು ನಿಮಿಷ ಬಿಡುವು ಇರುತ್ತದೆ. ಎಲ್ಲರೂ ಒಬ್ಬರಿಗೊಬ್ಬರು ಹೊಸಬರೇ. ಆ ಹೊತ್ತಿನಲ್ಲಿ ಪಕ್ಕದವರೊಡನೆ ಮಾತಾಡಬೇಕು, ಆದರೆ ಕೆದಕಿದ ಹಾಗೆ ಆಗಬಾರದು. ಏನೂ ಕೇಳದೆ ಕೂತರೆ ಬಿಗುಮಾನದವನು ಅಂದುಕೊಳ್ಳುತ್ತಾರೆ, ಕೇಳಿದರೆ ಎಲ್ಲಿ ಗೆರೆ ದಾಟುತ್ತೇನೋ ಎಂಬ ಅಳುಕು. ಒಂದು ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಅದು ಸರಿಯೋ ಅಲ್ಲವೋ ಅಂತ ಅಳೆಯುವ ಉಪಾಯ ಇದೆಯೇ? ಹಾಗೆಯೇ, ಕೇಳಿದ ಮೇಲೆ ಎದುರಿನವರಿಗೆ ಹಿಡಿಸಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಗಿರೀಶ್ ಎಚ್.

ಇದು ಅಷ್ಟು ಕಷ್ಟವಲ್ಲ ಸುಮಂತ್. ಸಂಬಳ, ವಯಸ್ಸು, ಮದುವೆ, ಮಕ್ಕಳು, ಧರ್ಮ, ರಾಜಕೀಯ, ಆರೋಗ್ಯ. ಈ ಏಳನ್ನು ಮುಟ್ಟಬೇಡಿ. ಊರು, ಕೆಲಸ, ಓದು, ಹವ್ಯಾಸ ಇವು ಯಾವತ್ತೂ ಸುರಕ್ಷಿತ. ಇನ್ನೊಂದು, ಏನನ್ನು ಕೇಳಬೇಕೆಂದಿದ್ದೀರೋ ಅದರ ಬಗ್ಗೆ ಮೊದಲು ನಿಮ್ಮದನ್ನು ಹೇಳಿಕೊಳ್ಳಿ. ನೀವು ಹೇಳಿದರೆ ಅವರೂ ಹೇಳುತ್ತಾರೆ.

ಇಂದುಮತಿ

ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಪರಿಚಿತರ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವುದೇ ಅವರ ಉದ್ಯೋಗವಾದ್ದರಿಂದ ಈ ವಿಷಯವನ್ನು ದಿನವೂ ಬಿಡಿಸಿ ನೋಡಬೇಕಾಗುತ್ತದೆ.

ಗಿರೀಶ್ ಅವರ ಪಟ್ಟಿಯಲ್ಲಿರುವ ವಿಷಯಗಳು ಸೂಕ್ಷ್ಮವಾದವು ಎನ್ನುವುದು ನಿಜ. ಆದರೆ ಪಟ್ಟಿ ಎರಡೂ ಕಡೆ ಕೈಕೊಡುತ್ತದೆ. "ಎಲ್ಲಿ ಕೆಲಸ?" ಎನ್ನುವುದು ಸುರಕ್ಷಿತ ಪಟ್ಟಿಯಲ್ಲಿದೆ. ಹೋದ ವಾರ ಕೆಲಸ ಕಳೆದುಕೊಂಡವರಿಗೆ ಅದಕ್ಕಿಂತ ನೋಯಿಸುವ ಪ್ರಶ್ನೆ ಇನ್ನೊಂದಿಲ್ಲ. ಅದೇ, ಐದು ನಿಮಿಷದಿಂದ ಮಗಳ ತುಂಟಾಟವನ್ನೇ ಹೇಳಿ ನಗುತ್ತಿರುವವರನ್ನು "ಮಗಳಿಗೆ ಈಗ ಎಷ್ಟು ವರ್ಷ?" ಅಂತ ಕೇಳದಿದ್ದರೆ ನೀವು ಕೇಳಿಸಿಕೊಳ್ಳುತ್ತಲೇ ಇಲ್ಲವೇನೋ ಅನ್ನಿಸುತ್ತದೆ. ವಿಷಯ ಯಾವುದು ಎಂಬುದಕ್ಕಿಂತ ಅದನ್ನು ಮೊದಲು ಎತ್ತಿದವರು ಯಾರು, ಉತ್ತರಿಸುವವರಿಗೆ ಜಾರಿಕೊಳ್ಳಲು ಎಷ್ಟು ಜಾಗವಿದೆ ಎಂಬುದನ್ನು ನೋಡಬೇಕು.

ಕೇಳುವ ಮೊದಲು ಅಳೆಯಲು ನಾನು ಹೇಳಿಕೊಡುವುದು ಒಂದೇ ಪರೀಕ್ಷೆ. ಈ ಪ್ರಶ್ನೆಗೆ ಬರಬಹುದಾದ ಅತ್ಯಂತ ಕಷ್ಟದ ನಿಜವಾದ ಉತ್ತರ ಯಾವುದು? ಆ ಉತ್ತರ ಇರುವವರು, ಸುಳ್ಳು ಹೇಳದೆ, ದುಃಖವನ್ನೂ ತೋಡಿಕೊಳ್ಳದೆ, ಒಂದು ಸಹಜ ವಾಕ್ಯದಲ್ಲಿ ಮುಂದೆ ಸಾಗಬಲ್ಲರೇ? "ಮಕ್ಕಳೆಷ್ಟು?" ಎಂಬುದನ್ನು ತೆಗೆದುಕೊಳ್ಳಿ. ಮಗುವನ್ನು ಕಳೆದುಕೊಂಡವರು, ವರ್ಷಗಟ್ಟಲೆ ಚಿಕಿತ್ಸೆ ಪಡೆಯುತ್ತಿರುವವರು, ಮಕ್ಕಳು ಬೇರೆಯವರ ಸುಪರ್ದಿಯಲ್ಲಿ ಇರುವವರು, ಇವರೆಲ್ಲರಿಗೂ ಆ ಪ್ರಶ್ನೆ ಒಂದು ಸಂಖ್ಯೆಯನ್ನು ಕೇಳುತ್ತದೆ. ಸಂಖ್ಯೆ ಹೇಳಬೇಕು, ಇಲ್ಲವೇ ಯಾಕೆ ಹೇಳಲಾಗದು ಅಂತ ವಿವರಿಸಬೇಕು. ಪರೀಕ್ಷೆಯಲ್ಲಿ ಇದು ಪಾಸಾಗುವುದಿಲ್ಲ. "ತರಗತಿ ಇಲ್ಲದ ದಿನ ಸಂಜೆ ಹೇಗೆ ಕಳೆಯುತ್ತೀರಿ?" ಅಂತ ಕೇಳಿ ನೋಡಿ. ಮಕ್ಕಳಿರುವವರು, ಹೇಳಬೇಕು ಅನ್ನಿಸಿದರೆ, ಮಕ್ಕಳ ಮಾತನ್ನು ಅವರೇ ತರುತ್ತಾರೆ. ಬೇಡ ಅನ್ನಿಸಿದವರು ನಡಿಗೆಯ ಬಗ್ಗೆಯೋ ನಿದ್ದೆಯ ಬಗ್ಗೆಯೋ ಹೇಳಿ ಮುಗಿಸುತ್ತಾರೆ. ತಪ್ಪಿಸಿಕೊಂಡರು ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ಸುಮಂತ್ ಅವರ ತರಗತಿಯಲ್ಲೇ ಒಂದು ಸಂಭಾಷಣೆಯನ್ನು ಕಲ್ಪಿಸಿಕೊಳ್ಳೋಣ. ಬಿಡುವಿನಲ್ಲಿ ಪಕ್ಕದವರು ಹೇಳುತ್ತಾರೆ: "ನಾನು ಈ ಊರಿಗೆ ಬಂದು ಆರು ತಿಂಗಳಾಯ್ತು. ಅಷ್ಟಾಗಿ ಯಾರ ಪರಿಚಯವೂ ಇಲ್ಲ, ಅದಕ್ಕೇ ಇಲ್ಲಿಗೆ ಸೇರಿದೆ." ಅವರಾಗಿಯೇ ಮೂರು ವಿಷಯ ಹೇಳಿದ್ದಾರೆ: ಆರು ತಿಂಗಳು, ಪರಿಚಯ ಕಡಿಮೆ, ತರಗತಿಗೆ ಸೇರಿದ ಕಾರಣ. ಹೇಳದೆ ಬಿಟ್ಟದ್ದು ಇನ್ನೂ ಹೆಚ್ಚು: ಎಲ್ಲಿಂದ ಬಂದರು, ಯಾಕೆ ಬಂದರು, ಯಾರ ಜೊತೆ ಬಂದರು.

ಹೆಚ್ಚಿನವರ ಬಾಯಿಗೆ ಥಟ್ಟನೆ ಬರುವುದು "ಯಾಕೆ ಬಂದ್ರಿ?" ಎಂಬುದು. ಪರೀಕ್ಷೆಗೆ ಹಚ್ಚಿ. ವಿಚ್ಛೇದನ, ಸಾಲ, ಮನೆಯವರ ಕಾಯಿಲೆ, ಯಾರಿಂದಲೋ ದೂರ ಬಂದದ್ದು, ಇವೆಲ್ಲವೂ ಸಾಧ್ಯವಿರುವ ಉತ್ತರಗಳೇ. ಜೊತೆಗೆ "ಯಾಕೆ" ಎಂದಾಗ ಸಮರ್ಥನೆ ಕೇಳಿದ ಹಾಗೆ ಆಗುತ್ತದೆ. "ಒಬ್ಬರೇ ಇದೀರಾ?" ಅದಕ್ಕಿಂತ ಕೆಟ್ಟದ್ದು, ಹೌದು ಅಥವಾ ಇಲ್ಲ ಎರಡೇ ದಾರಿ. "ಆರು ತಿಂಗಳಲ್ಲಿ ಊರು ಎಷ್ಟು ಒಗ್ಗಿತು?" ಎಂಬುದು ಅವರೇ ಕೊಟ್ಟ ಆರು ತಿಂಗಳನ್ನು ಹಿಡಿದುಕೊಳ್ಳುತ್ತದೆ. "ಪರವಾಗಿಲ್ಲ, ಟ್ರಾಫಿಕ್ ಒಂದು ಬಿಟ್ಟು" ಅಂದು ಮುಗಿಸಬಹುದು, ಹತ್ತು ನಿಮಿಷ ಮಾತಾಡಲೂಬಹುದು. ಅಳತೆ ಅವರದ್ದು.

ಈಗ ಉತ್ತರ ಎರಡು ರೀತಿ ಬರಬಹುದು. "ಪರವಾಗಿಲ್ಲ" ಅಂದು ಕಪ್ಪಿನ ಕಡೆ ನೋಡಿದರೆ ಊರಿನ ಮಾತು ಅಲ್ಲಿಗೆ ಮುಗಿಯಿತು. ಕ್ಯಾಮೆರಾಕ್ಕೆ ಬನ್ನಿ. "ಪರವಾಗಿಲ್ಲ, ಆದ್ರೆ ಅಮ್ಮನಿಗೇ ಕಷ್ಟ ಆಗ್ತಿದೆ, ಅವರಿಗೆ ಹಳೇ ಮನೆ ತೋಟ ನೆನಪಾಗುತ್ತೆ" ಅಂದರೆ ಈಗ ಅಮ್ಮ ಮತ್ತು ತೋಟ ನಿಮ್ಮ ಮುಂದಿವೆ. "ತೋಟದಲ್ಲಿ ಏನೇನು ಬೆಳೆಸಿದ್ರು?" ಅಂತ ಕೇಳಬಹುದು. ಆದರೆ ಅಮ್ಮನ ಮಾತು ಬಂತು ಎಂದಮಾತ್ರಕ್ಕೆ "ಅಪ್ಪ?" ಅಂತ ಕೇಳಲು ಅನುಮತಿ ಸಿಕ್ಕಿತು ಅಂತಲ್ಲ. ಅಮ್ಮನನ್ನು ಹೇಳಿ ಅಪ್ಪನನ್ನು ಹೇಳಲಿಲ್ಲ ಎನ್ನುವುದನ್ನು ಗಮನಿಸಿ, ಅದನ್ನು ಹಾಗೆಯೇ ಬಿಡಬೇಕು. ನಾನು ಕಂಡಂತೆ ಕುತೂಹಲ ಕೆದಕುವಿಕೆಯಾಗುವುದು ಹೆಚ್ಚಾಗಿ ಇಲ್ಲೇ: ಹೇಳಿದ್ದಕ್ಕೆ ಕಿವಿಗೊಡದೆ, ಬಿಟ್ಟ ಜಾಗವನ್ನು ತುಂಬಿಸಲು ಹೋದಾಗ.

ಪದ್ಮಜಾ

ಇಂಥವರಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ನನಗೂ ಬೇಕಿತ್ತು. ನನ್ನ ಕೈ ಮೇಲೆ ದೊಡ್ಡ ಸುಟ್ಟ ಕಲೆ ಇದೆ. ಹೊಸಬರು ಹೆಸರು ಕೇಳಿದ ಬೆನ್ನಿಗೇ "ಅಯ್ಯೋ, ಏನಾಯ್ತು?" ಅಂತಾರೆ. ಉತ್ತರ ಕೊಡದಿದ್ದರೆ ನಾನೇ ಒರಟಾಗಿ ಕಾಣುತ್ತೇನೆ. ಇದಕ್ಕೆ ಏನು ಹೇಳಬೇಕು?

ಇಂದುಮತಿ

ಪದ್ಮಜಾ ಅವರೇ, ಸುಮಂತ್ ಕೇಳಿದ್ದು ಕೇಳುವವರ ಕಡೆಯಿಂದ. ಆದರೆ ನಿಮ್ಮ ಮಾತಿನಲ್ಲಿ ಅವರಿಗೆ ಬೇಕಾದದ್ದೇ ಇದೆ. ಕಣ್ಣಿಗೆ ಕಾಣುವುದು ಬೇರೆ, ಅವರಾಗಿ ಹೇಳಿದ್ದು ಬೇರೆ. ಕಲೆ, ಊರುಗೋಲು, ಶ್ರವಣಯಂತ್ರ, ಹೊಟ್ಟೆ, ತಲೆಗೂದಲು ಉದುರಿರುವುದು, ಉಂಗುರ ಇರುವುದು ಅಥವಾ ಇಲ್ಲದಿರುವುದು, ಇವು ಯಾವುವೂ ಅವರು ಮಾತಿಗೆ ಇಟ್ಟದ್ದಲ್ಲ. ಅವರೇ ಆರಿಸಿ ಹಾಕಿಕೊಂಡದ್ದರ ಬಗ್ಗೆ, ಬ್ಯಾಗಿನ ಮೇಲಿನ ಬ್ಯಾಡ್ಜ್, ಕೈಯಲ್ಲಿರುವ ಪುಸ್ತಕ, ಕ್ಯಾಮೆರಾದ ಪಟ್ಟಿ, ಇಂಥದ್ದನ್ನು ಕೇಳಬಹುದು. ದೇಹದ ಬಗ್ಗೆ ಮೊದಲ ದಿನ ಪ್ರಶ್ನೆಯೇ ಬೇಡ. ಗರ್ಭಿಣಿಯೇ ಅಂತ ಅಂದಾಜಿನ ಮೇಲೆ ಕೇಳುವುದಂತೂ ಎಷ್ಟನೇ ಭೇಟಿಯಲ್ಲೂ ಬೇಡ.

ಇನ್ನು ನಿಮಗೆ. "ಹಳೇ ಗಾಯ, ಈಗ ಏನೂ ತೊಂದರೆ ಇಲ್ಲ. ನೀವು ಈ ತರಗತಿ ಬಗ್ಗೆ ಹೇಗೆ ತಿಳ್ಕೊಂಡ್ರಿ?" ಮೊದಲ ಅರ್ಧ ಬಾಗಿಲು ಮುಚ್ಚುತ್ತದೆ, ಎರಡನೇ ಅರ್ಧ ಕೇಳಿದವರಿಗೆ ಮುಂದಿನ ಕೆಲಸ ಕೊಡುತ್ತದೆ. ನಡುವೆ ತಡೆದು ನಿಂತರೆ ಎರಡನೇ ಪ್ರಶ್ನೆ ನುಸುಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಉಸಿರಿಗೆ ಹೇಳಿ.

ಗಿರೀಶ್ ಎಚ್.

ಮೇಡಂ, ಪಟ್ಟಿಯ ವಿಚಾರ ಒಪ್ಪಿದೆ. ಆದರೆ ನನ್ನದನ್ನು ನಾನು ಮೊದಲು ಹೇಳಿಕೊಂಡರೆ ಅವರು ಬಿಚ್ಚಿಕೊಳ್ಳುತ್ತಾರೆ ಎಂಬುದು ಸಂಶೋಧನೆಯಲ್ಲೇ ಇದೆಯಲ್ಲ. 36 ಪ್ರಶ್ನೆಗಳ ಪ್ರಯೋಗ ಪ್ರಸಿದ್ಧವಾದದ್ದು. ಅಪರಿಚಿತರು ಮುಕ್ಕಾಲು ಗಂಟೆಯಲ್ಲಿ ಆಪ್ತರಾಗುತ್ತಾರೆ. ಅದರಿಂದಲೇ ನಾಲ್ಕು ಪ್ರಶ್ನೆ ಆರಿಸಿಕೊಂಡರೆ ಕೆಲಸ ಮುಗಿಯಿತು.

ಇಂದುಮತಿ

ಆ ಪ್ರಯೋಗ ಆರ್ಥರ್ ಆರನ್ ಮತ್ತು ಸಂಗಡಿಗರದ್ದು, 1997ರಲ್ಲಿ ಪ್ರಕಟವಾಯಿತು. ಮುಕ್ಕಾಲು ಗಂಟೆ ಎಂಬುದೂ ಸರಿ. ಅದು ನಡೆದ ರೀತಿಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಪ್ರಶ್ನೆಗಳು ಹನ್ನೆರಡರ ಮೂರು ಕಂತು, ಪ್ರತಿ ಕಂತಿಗೆ ಕಾಲು ಗಂಟೆ. ಮೊದಲ ಕಂತು ಹಗುರ, ಮೂರನೆಯದು ಆಳ. ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರಿಸಬೇಕು. ಪ್ರಶ್ನೆಯನ್ನು ಅವರಿಬ್ಬರಲ್ಲಿ ಯಾರೂ ಆರಿಸಿದ್ದಲ್ಲ, ಚೀಟಿಯಲ್ಲಿ ಬರೆದು ಕೊಟ್ಟದ್ದು. ಮಿಗಿಲಾಗಿ, ಇಬ್ಬರೂ ಪ್ರಯೋಗಕ್ಕೆ ಒಪ್ಪಿಯೇ ಕೂತವರು. ಇದರಿಂದ ಮೂರನೇ ಕಂತಿನ ಒಂದು ಪ್ರಶ್ನೆಯನ್ನು ಕಿತ್ತು ತಂದು, ಟೀ ಕುಡಿಯಲು ನಿಂತವರ ಮುಂದೆ ಇಟ್ಟರೆ, ಆ ಪ್ರಯೋಗದಲ್ಲಿ ಫಲ ಕೊಟ್ಟ ಯಾವ ಅಂಶವೂ ಅಲ್ಲಿ ಉಳಿದಿರುವುದಿಲ್ಲ.

ನಿಮ್ಮದನ್ನು ಹೇಳಿಕೊಳ್ಳುವುದರಲ್ಲಿ ಅರ್ಧ ಸತ್ಯವಿದೆ. ಒಬ್ಬರು ಹೇಳಿದರೆ ಇನ್ನೊಬ್ಬರೂ ಅದೇ ಮಟ್ಟದಲ್ಲಿ ಹೇಳುತ್ತಾರೆ ಎಂಬುದನ್ನು ಸಿಡ್ನಿ ಜೋರಾರ್ಡ್ ಮೊದಲಾದವರು ದಶಕಗಳ ಹಿಂದೆಯೇ ಗುರುತಿಸಿದ್ದಾರೆ. ಆದರೆ ಹಾಗೆ ಹೇಳುವಾಗ ಇಷ್ಟವಿದ್ದೇ ಹೇಳುತ್ತಾರೆ ಅಂತಲ್ಲ, ಋಣ ತೀರಿಸಿದ ಹಾಗೆ ಹೇಳುವುದೂ ಉಂಟು. "ನನಗೆ ಡೈವೋರ್ಸ್ ಆಗಿ ಎರಡು ವರ್ಷ. ನಿಮ್ಮದು?" ಅಂದರೆ ಎದುರಿನವರ ಕುತ್ತಿಗೆ ಹಿಡಿದಂತೆ. ಅಳತೆ ಹೀಗಿರಲಿ: ಅವರು ಕೊನೆಯಲ್ಲಿ ಹೇಳಿದ ಮಾತಿಗಿಂತ ಒಂದೇ ಒಂದು ಮೆಟ್ಟಿಲು ಆಳ, ಒಂದು ಅಥವಾ ಎರಡು ವಾಕ್ಯ, ಕೊನೆಗೆ ಪ್ರಶ್ನೆಯ ಚಿಹ್ನೆ ಇಲ್ಲ. "ನಾನೂ ಹೊಸ ಊರಿಗೆ ಬಂದಾಗ ಮೊದಲ ಕೆಲವು ತಿಂಗಳು ವಾರಾಂತ್ಯ ಬಂದರೆ ಬೇಜಾರಾಗುತ್ತಿತ್ತು." ಅಷ್ಟೇ ಹೇಳಿ ಸುಮ್ಮನಿರಿ. ಅವರು ಎತ್ತಿಕೊಂಡರೆ ಸರಿ, ಬಿಟ್ಟರೂ ಸರಿ.

ಸಂಭಾಷಣೆಯನ್ನು ಅಧ್ಯಯನ ಮಾಡುವ ಅನಿತಾ ಪೊಮೆರಾಂಟ್ಸ್ 1980ರಲ್ಲೇ ಇದನ್ನು ಬಿಡಿಸಿ ತೋರಿಸಿದ್ದಾರೆ. ನೇರವಾಗಿ ಕೇಳದೆ, ನನಗೆ ಕಂಡಷ್ಟನ್ನು ಮಾತ್ರ ಹೇಳಿದರೂ ಎದುರಿನವರು ಉಳಿದದ್ದನ್ನು ಹೇಳಲು ಅವಕಾಶವಾಗುತ್ತದೆ. ಆದರೆ ಇದೂ ಗಾಳವೇ ಅನ್ನುವುದು ನೆನಪಿರಲಿ. "ನಿಮ್ಮನ್ನು ಬಿಡಲು ದಿನಾ ಒಬ್ಬರು ಬರುತ್ತಾರಲ್ಲ" ಅನ್ನುವುದು ಪ್ರಶ್ನೆಯ ರೂಪದಲ್ಲಿ ಇಲ್ಲದಿದ್ದರೂ ಕೆದಕುವುದೇ.

ಕೌಶಿಕ್

ಕೇಳಿದ ಮೇಲೆ ತಿಳಿಯುವುದು ಹೇಗೆ ಎಂಬ ಎರಡನೇ ಭಾಗಕ್ಕೆ: ಉತ್ತರ ಬರಲು ಹಿಡಿಯುವ ಸಮಯ ನೋಡಿ. ಹತ್ತು ಭಾಷೆಗಳಲ್ಲಿ ಹೌದು-ಇಲ್ಲ ಪ್ರಶ್ನೆಗಳ ಉತ್ತರವನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಬಂದಿತ್ತು. ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಯಾರಾದರೂ ಒಂದು ಸೆಕೆಂಡ್ ತಡ ಮಾಡಿದರೆ ಪ್ರಶ್ನೆ ಹಿಡಿಸಿಲ್ಲ ಎಂದೇ ಲೆಕ್ಕ.

ಇಂದುಮತಿ

ಅಂಕಿ ಸರಿ ಕೌಶಿಕ್, ತೀರ್ಮಾನ ಮಾತ್ರ ಅವಸರದ್ದು. ಒಪ್ಪಿಗೆಗಿಂತ ನಿರಾಕರಣೆ ತಡವಾಗಿ ಬರುತ್ತದೆ ಎಂಬುದು ಆ ಅಧ್ಯಯನದಲ್ಲೂ ಇದೆ. ಆದರೆ "ನಿಮಗೆ ಇಷ್ಟವಾದ ಫೋಟೊ ಯಾವುದು?" ಅಂದರೆ ಯಾರಾದರೂ ಯೋಚಿಸಿಯೇ ಹೇಳುತ್ತಾರೆ. ಕಿವಿ ಮಂದ ಇರುವವರು, ತಮ್ಮದಲ್ಲದ ಭಾಷೆಯಲ್ಲಿ ಮಾತಾಡುತ್ತಿರುವವರು, ವಿಡಿಯೋ ಕರೆಯಲ್ಲಿ ಇರುವವರು, ಇವರೆಲ್ಲರದ್ದೂ ತಡವೇ. ನೆನಪು ಮಾಡಿಕೊಳ್ಳುವ ಅಗತ್ಯವೇ ಇಲ್ಲದ ಪ್ರಶ್ನೆಗೆ ತಡವಾದರೆ ಮಾತ್ರ ಅದಕ್ಕೆ ಬೆಲೆ ಕೊಡಿ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂಬುದಕ್ಕೆ ಯಾರೂ ಯೋಚಿಸಬೇಕಾಗಿಲ್ಲ. ಅಲ್ಲಿ "ಮ್‌ಮ್... ಹಾಗೇ, ನಾವೇ" ಅಂತ ಬಂದರೆ ಅದು ತಡವೂ ಹೌದು, ಮಸುಕೂ ಹೌದು. ಎರಡೂ ಸೇರಿದಾಗ ನಿಲ್ಲಿಸಬೇಕು.

ಅನಾಮಿಕ_27

ನನಗೆ ಮುಖ ನೋಡಿ ಮನಸ್ಸು ಓದಲು ಬರುವುದಿಲ್ಲ, ದನಿಯ ಏರಿಳಿತವೂ ಅಷ್ಟಾಗಿ ತಿಳಿಯುವುದಿಲ್ಲ. "ಗಮನಿಸಿ, ಗೊತ್ತಾಗುತ್ತೆ" ಎನ್ನುವ ಸಲಹೆ ನನ್ನಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ಎಣಿಸಬಹುದಾದದ್ದು ಏನಾದರೂ ಇದೆಯೇ?

ಇಂದುಮತಿ

ಇದೆ. ಮುಖ ಚೆನ್ನಾಗಿ ಓದಬಲ್ಲೆವು ಅಂದುಕೊಂಡವರಿಗೂ ನಾನು ಇದನ್ನೇ ಹೇಳುವುದು, ಏಕೆಂದರೆ ನಗುಮುಖವನ್ನು ಮರ್ಯಾದೆಗಾಗಿ ಹಾಕಿಕೊಳ್ಳುವವರೇ ಹೆಚ್ಚು.

ಪ್ರತಿ ಉತ್ತರದಲ್ಲಿ, ನೀವು ಕೇಳದಿದ್ದ ಹೊಸ ವಿಷಯ ಎಷ್ಟು ಬಂತು ಅಂತ ಎಣಿಸಿ. "ಕ್ಯಾಮೆರಾ ಮೊದಲಿಂದ ಇತ್ತಾ?" ಅಂದದ್ದಕ್ಕೆ "ಹೂಂ, ಇತ್ತು" ಅಂದರೆ ಸೊನ್ನೆ. "ಹೂಂ, ಅಣ್ಣ ಕೊಟ್ಟಿದ್ದು, ಆದ್ರೆ ಲೆನ್ಸ್ ಮಾತ್ರ ಈಗ ತಗೊಂಡೆ" ಅಂದರೆ ಎರಡು: ಅಣ್ಣ, ಲೆನ್ಸ್. ಸೊನ್ನೆ ಒಮ್ಮೆ ಬಂದರೆ ಪ್ರಶ್ನೆ ಸಪ್ಪೆ ಇದ್ದಿರಬಹುದು. ಒಂದೇ ವಿಷಯದಲ್ಲಿ ಎರಡು ಸೊನ್ನೆ ಸತತವಾಗಿ ಬಂದರೆ ವಿಷಯ ಬದಲಿಸಿ. ಬದಲಿಸಿದ ಮೇಲೂ ಎರಡು ಸೊನ್ನೆ ಬಂದರೆ ಅವರಿಗೆ ಈಗ ಮಾತೇ ಬೇಡ. "ಸರಿ, ನಾನು ಸ್ವಲ್ಪ ನೀರು ಕುಡಿದು ಬರ್ತೀನಿ" ಅಂದು ಎದ್ದುಬಿಡಿ.

ಇನ್ನೊಂದು ಎಣಿಕೆ ಅವರು ತಿರುಗಿ ಕೇಳುವ ಪ್ರಶ್ನೆ. ನೀವು ಮೂರು ಕೇಳುವಷ್ಟರಲ್ಲಿ ಅವರಿಂದ ಒಂದೂ ಬರಲಿಲ್ಲ ಎಂದರೆ, ನಾಲ್ಕನೆಯದು ವಿಚಾರಣೆಯ ಹಾಗೆ ಕೇಳಿಸತೊಡಗುತ್ತದೆ. ಆಗ ಪ್ರಶ್ನೆ ನಿಲ್ಲಿಸಿ ನಿಮ್ಮದೊಂದು ಮಾತು ಹೇಳಿ. ತಿರುಗಿ ಕೇಳದವರೆಲ್ಲ ಬೇಸರಗೊಂಡವರಲ್ಲ, ಕೆಲವರಿಗೆ ನಾಚಿಕೆ, ಕೆಲವರಿಗೆ ಆ ಅಭ್ಯಾಸವೇ ಇಲ್ಲ. ಆದ್ದರಿಂದ ಮೊದಲ ಎಣಿಕೆಗೆ ಹೆಚ್ಚು ತೂಕ ಕೊಡಿ. ಸೊನ್ನೆ ಇಲ್ಲದೆ, ಆದರೆ ತಿರುಗಿ ಕೇಳದೆ ಮಾತಾಡುತ್ತಲೇ ಇರುವವರು ಮಾತಾಡಲು ಇಷ್ಟಪಡುತ್ತಿದ್ದಾರೆ ಅಂತಲೇ ಅರ್ಥ.

ಅನಾಮಿಕ_27

ಎರಡು ಸೊನ್ನೆ ಅಂದರೆ ಬದಲಾವಣೆ. ಇದು ನನಗೆ ಆಗುತ್ತದೆ. ವಂದನೆಗಳು.

ನಾಗೇಂದ್ರ

ಇಲ್ಲಿನ ಧಾಟಿಗೆ ನನ್ನದು ಸ್ವಲ್ಪ ತಕರಾರು. ಇಷ್ಟೆಲ್ಲ ಅಳೆದು ತೂಗಿದರೆ ಹವಾಮಾನದ ಮಾತು ಬಿಟ್ಟು ಮುಂದಕ್ಕೆ ಹೋಗುವುದೇ ಇಲ್ಲ. 2021ರಲ್ಲಿ ಐನಾವ್ ಹಾರ್ಟ್ ಮತ್ತು ಸಂಗಡಿಗರು ಸೂಕ್ಷ್ಮ ಪ್ರಶ್ನೆಗಳ ಬಗ್ಗೆಯೇ ಪ್ರಯೋಗ ಮಾಡಿದ್ದಾರೆ. ಕೇಳುವವರು ಎದುರಿನವರಿಗೆ ಇರಿಸುಮುರಿಸಾಗುತ್ತದೆ, ತಮ್ಮ ಬಗ್ಗೆ ಕೆಟ್ಟ ಅಭಿಪ್ರಾಯ ಬರುತ್ತದೆ ಅಂತ ಹೆದರಿದ್ದರು. ನಿಜವಾಗಿ ಅಷ್ಟೇನೂ ಆಗಲಿಲ್ಲ. ಅದಕ್ಕೂ ಮೊದಲು, 2017ರಲ್ಲಿ ಕರೆನ್ ಹುವಾಂಗ್ ಮತ್ತು ಇತರರು ತೋರಿಸಿದ್ದು, ಹದಿನೈದು ನಿಮಿಷದ ಮಾತಿನಲ್ಲಿ ಕನಿಷ್ಠ ಒಂಬತ್ತು ಪ್ರಶ್ನೆ ಕೇಳಿದವರು, ಹೆಚ್ಚೆಂದರೆ ನಾಲ್ಕು ಕೇಳಿದವರಿಗಿಂತ ಹೆಚ್ಚು ಇಷ್ಟವಾದರು ಅಂತ. ಸುಮಂತ್ ಅವರ ಬಿಡುವೂ ಹದಿನೈದೇ ನಿಮಿಷ! ಒಂಬತ್ತು ಕೇಳಿ ಸ್ವಾಮಿ, ಭಯ ಬೇಡ.

ಇಂದುಮತಿ

ನಾಗೇಂದ್ರ ಅವರೇ, ಎರಡೂ ಅಧ್ಯಯನ ಗಟ್ಟಿಯಾದವು. ಅತಿಯಾಗಿ ಹೆದರುವವರಿಗೆ ಅವನ್ನು ಹೇಳಲೇಬೇಕು. ಹುವಾಂಗ್ ಅವರ ಅಧ್ಯಯನದಲ್ಲಿ ಇಷ್ಟವನ್ನು ಹೆಚ್ಚಿಸಿದ್ದು ಮುಖ್ಯವಾಗಿ ಹಿಂಬಾಲಿಸುವ ಪ್ರಶ್ನೆಗಳು, ಅಂದರೆ ಅವರು ಹೇಳಿದ್ದನ್ನು ಹಿಡಿದು ಕೇಳಿದವು. ಒಂಬತ್ತು ವಿಷಯಕ್ಕೆ ಒಂಬತ್ತು ಹೊಸ ಪ್ರಶ್ನೆ ಎಸೆದರೆ ಆ ಫಲ ಸಿಗುವುದಿಲ್ಲ. ತೋಟದ ಬಗ್ಗೆ, ಆಮೇಲೆ ಅಲ್ಲಿನ ಮಣ್ಣಿನ ಬಗ್ಗೆ, ಆಮೇಲೆ ಅಮ್ಮ ಇಲ್ಲಿ ಕುಂಡದಲ್ಲಿ ಏನಾದರೂ ಹಾಕಿದ್ದಾರಾ ಎಂಬ ಬಗ್ಗೆ, ಹೀಗೆ ಮೂರು ಕೇಳಿದರೂ ಒಂದೂ ಚುಚ್ಚುವುದಿಲ್ಲ. ಅಡ್ಡಕ್ಕೆ ಹರಡುವ ಪ್ರಶ್ನೆಗಳು ಎಷ್ಟಾದರೂ ನಡೆಯುತ್ತವೆ. ಕೆಳಕ್ಕೆ ಇಳಿಯುವ ಪ್ರಶ್ನೆಗಳು, ಮನೆ ಮಾರಿದಿರಾ, ಎಷ್ಟಕ್ಕೆ ಹೋಯಿತು, ಯಾಕೆ ಮಾರಬೇಕಾಯಿತು, ಇಂಥವು ಮೂರೇ ಆದರೂ ಹೆಚ್ಚು.

ಹಾರ್ಟ್ ಅವರ ಪ್ರಯೋಗದ ವಿಷಯದಲ್ಲಿ ನನ್ನ ಎಚ್ಚರಿಕೆ ಒಂದೇ. ಅಲ್ಲಿ ಬಂದವರು ಪ್ರಯೋಗಕ್ಕೆ ಒಪ್ಪಿ ಬಂದವರು, ಮುಗಿದ ಮೇಲೆ ಎದ್ದು ಹೋಗುವವರು. ನೀವು ಅವರ ಮೇಲಧಿಕಾರಿಯಾದರೆ, ಮನೆ ಬಾಡಿಗೆಗೆ ಕೊಡುವವರಾದರೆ, ವೈದ್ಯರಾದರೆ, ಅಥವಾ ಅವರು ನಿಮ್ಮ ಪಕ್ಕದ ಸೀಟಿನಲ್ಲಿ ಮೂರು ಗಂಟೆ ಕೂತೇ ಇರಬೇಕಾದರೆ, "ಹೇಳಲ್ಲ" ಎನ್ನುವುದು ಅವರಿಗೆ ದುಬಾರಿ. ಎದ್ದು ಹೋಗಲಾಗದ ಜಾಗದಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲೆಯೇ ನಿಲ್ಲುವುದು ಒಳ್ಳೆಯದು.

ನಾಗೇಂದ್ರ

ಅಧಿಕಾರದ ವಿಚಾರ ಒಪ್ಪುತ್ತೇನೆ. ಆದರೆ ಕಷ್ಟದಲ್ಲಿರುವ ಎಷ್ಟೋ ಜನ ಯಾರಾದರೂ ಒಬ್ಬರು ನೇರವಾಗಿ ಕೇಳಲಿ ಅಂತ ಕಾಯುತ್ತಿರುತ್ತಾರೆ. ಎಲ್ಲರೂ ನಿಮ್ಮ ಪರೀಕ್ಷೆ ಹಚ್ಚಿ ಸುಮ್ಮನಾದರೆ ಅವರನ್ನು ಕೇಳುವವರು ಯಾರು?

ಇಂದುಮತಿ

ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಗಲವಾದ ಪ್ರಶ್ನೆಯಲ್ಲಿ ಅವರಿಗೂ ಬಾಗಿಲು ತೆರೆದಿರುತ್ತದೆ ಎಂದು ನನ್ನ ನಂಬಿಕೆ. ಆ ಬಾಗಿಲು ಕಣ್ಣಿಗೆ ಬೀಳದವರೂ ಇರುತ್ತಾರೆ ಎಂಬ ನಿಮ್ಮ ಮಾತನ್ನು ತಳ್ಳಿಹಾಕಲಾರೆ.

ರೆಹಾನಾ

ಯಾರೂ ಹೇಳದ ಒಂದನ್ನು ಸೇರಿಸುತ್ತೇನೆ. ಬಿಡಿಬಿಡಿಯಾಗಿ ಸಾದಾ ಆಗಿರುವ ಪ್ರಶ್ನೆಗಳು ಒಟ್ಟು ಸೇರಿದಾಗ ಹೆದರಿಕೆ ಹುಟ್ಟಿಸುತ್ತವೆ. "ಯಾವ ಕಡೆ ಮನೆ?", "ಹೇಗೆ ಹೋಗ್ತೀರಿ, ಬಸ್ಸಾ?", "ಎಷ್ಟೊತ್ತಿಗೆ ತಲುಪ್ತೀರಿ?", "ಮನೇಲಿ ಯಾರಿರ್ತಾರೆ?" ಪ್ರತಿಯೊಂದೂ ಮಾತಿಗೆ ಕೇಳುವಂಥದ್ದೇ. ನಾಲ್ಕಕ್ಕೂ ಉತ್ತರ ಸಿಕ್ಕರೆ ಒಬ್ಬ ಹೆಂಗಸು ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ, ಒಬ್ಬಳೇ ಇರುತ್ತಾಳೆ ಎಂಬುದು ಅಪರಿಚಿತನ ಕೈಗೆ ಸಿಕ್ಕಿತು. ಕೇಳುವವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ, ಅದಕ್ಕೇ ಅವರಿಗೆ ಹೊಳೆಯುವುದೂ ಇಲ್ಲ. ಕೇಳಿಸಿಕೊಳ್ಳುವವರು ಮಾತ್ರ ತಲೆಯಲ್ಲಿ ಕೂಡಿಸುತ್ತಲೇ ಇರುತ್ತಾರೆ.

ಜಾಗ, ಹೊತ್ತು, ಜೊತೆಗಿರುವವರು. ಈ ಮೂರರಲ್ಲಿ ಮೊದಲ ದಿನ ಒಂದನ್ನು ಮಾತ್ರ ಮುಟ್ಟಿ. ಅದೂ ದೊಡ್ಡ ಅಳತೆಯಲ್ಲಿ: "ದೂರ ಆಗುತ್ತಾ ನಿಮಗೆ?" ಅನ್ನಿ, ಬಡಾವಣೆ ಮತ್ತು ಬೀದಿಗೆ ಹೋಗಬೇಡಿ. ಮಕ್ಕಳ ವಿಷಯದಲ್ಲೂ ಹಾಗೇ. ತುಂಟಾಟ ಕೇಳಿ, ಯಾವ ಶಾಲೆ ಅಂತ ಕೇಳಬೇಡಿ.

ಸುಮಂತ್

ರೆಹಾನಾ ಅವರ ಮಾತು ನನಗೆ ಹೊಸದು. "ಯಾವ ಕಡೆ ಮನೆ, ಹೇಗೆ ಹೋಗ್ತೀರಿ" ಎಂಬುದನ್ನು ಕಾಳಜಿ ಅಂದುಕೊಂಡಿದ್ದೆ.

ಇನ್ನೊಂದು ಕೇಳಬೇಕು. ಇಷ್ಟೆಲ್ಲ ನೋಡಿಕೊಂಡರೂ ಪ್ರಶ್ನೆ ಚುಚ್ಚಿತು ಎಂದುಕೊಳ್ಳಿ. ಉತ್ತರ ತುಂಡಾಯಿತು, ಎದುರಿನವರು ಬೇರೆಡೆ ನೋಡಿದರು. ಆಗ ಏನು ಮಾಡಬೇಕು? ಮತ್ತೆ, ಮೊದಲೇ "ಒಂದು ವೈಯಕ್ತಿಕ ಪ್ರಶ್ನೆ ಕೇಳ್ಲಾ?" ಅಂತ ಅನುಮತಿ ಪಡೆದರೆ ಎಲ್ಲ ಸರಿಹೋಗುತ್ತದೆಯೇ?

ಗಿರೀಶ್ ಎಚ್.

ತಪ್ಪಾದರೆ ಮನಸಾರೆ ಕ್ಷಮೆ ಕೇಳಬೇಕು, ಯಾಕೆ ಕೇಳಿದೆ ಅಂತ ಬಿಡಿಸಿ ಹೇಳಬೇಕು. ಅನುಮತಿಯಂತೂ ತುಂಬಾ ಒಳ್ಳೆಯ ಪದ್ಧತಿ.

ಇಂದುಮತಿ

ಕ್ಷಮೆ ಬೇಕು, ಆದರೆ ಚಿಕ್ಕದಾಗಿರಲಿ. "ಛೇ, ನನ್ನ ಉದ್ದೇಶ ಅದಾಗಿರಲಿಲ್ಲ, ನಾನು ಸುಮ್ಮನೆ ಮಾತಿಗೆ ಕೇಳಿದ್ದು, ನಿಮಗೆ ಬೇಜಾರಾಯ್ತೇನೋ" ಅಂತ ಎಳೆದರೆ ಈಗ ಅವರು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅಲ್ಲದೆ ಆ ವಿಷಯ ಇನ್ನೂ ಒಂದು ನಿಮಿಷ ಇಬ್ಬರ ನಡುವೆಯೇ ಕೂತಿರುತ್ತದೆ. "ಅದು ಬಿಡಿ, ನಾನು ಕೇಳಬಾರದಿತ್ತು. ಮುಂದಿನ ವಾರ ಹೊರಗೆ ಹೋಗಿ ತೆಗೆಯೋದಂತೆ, ನೀವು ಬರ್ತೀರಾ?" ಇಷ್ಟು ಸಾಕು. ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡದ್ದಾಯಿತು, ಸುಲಭವಾದ ಇನ್ನೊಂದು ಕೊಟ್ಟದ್ದಾಯಿತು. ಆ ವಿಷಯವನ್ನು ಅದೇ ದಿನ ಮತ್ತೆ ಎತ್ತಬೇಡಿ, ಹೋಗುವಾಗ ಬಾಗಿಲ ಬಳಿ ಇನ್ನೊಮ್ಮೆ ಕ್ಷಮೆ ಕೇಳಲೂ ಬೇಡಿ.

ಅನುಮತಿಯ ವಿಷಯದಲ್ಲಿ ಗಿರೀಶ್ ಅವರ ಉತ್ಸಾಹ ನನಗಿಲ್ಲ. "ವೈಯಕ್ತಿಕ ಪ್ರಶ್ನೆ ಕೇಳ್ಲಾ?" ಅಂದಾಗ ಏನು ಬರಲಿದೆ ಅಂತ ಅವರಿಗೆ ಗೊತ್ತಿಲ್ಲ. ಬೇಡ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ, ಆದ್ದರಿಂದ "ಕೇಳಿ" ಅಂದುಬಿಡುತ್ತಾರೆ. ಆಮೇಲೆ ಬಂದ ಪ್ರಶ್ನೆಗೆ ಉತ್ತರಿಸದಿರಲು ಅವರಿಗೆ ದಾರಿಯೇ ಉಳಿಯುವುದಿಲ್ಲ. ಕೇಳಲೇಬೇಕಾದರೆ ವಿಷಯವನ್ನು ಹೆಸರಿಸಿ, ಅದರ ಜೊತೆಗೇ ಬೇರೆ ದಾರಿಯನ್ನೂ ಇಡಿ: "ಹೊಸ ಕೆಲಸದ ಬಗ್ಗೆ ಹೇಳ್ತಿದ್ರಿ, ಅದರ ಬಗ್ಗೆ ಮಾತಾಡೋಣ್ವಾ, ಅಥವಾ ಬಿಡುವಲ್ಲೂ ಕೆಲಸದ ಮಾತು ಯಾಕೆ ಅನ್ಸುತ್ತಾ?" ಎರಡನೆಯದನ್ನು ಆರಿಸಿದರೆ ಅವರು ಏನನ್ನೂ ಮುಚ್ಚಿಟ್ಟಂತೆ ಕಾಣುವುದಿಲ್ಲ.

ಪದ್ಮಜಾ

ಇಲ್ಲಿ ಮಾತ್ರ ನನ್ನ ಅನುಭವ ಬೇರೆ. "ಕೇಳ್ಲಾ?" ಅಂತ ಕೇಳಿದವರಿಗೆ ನಾನು ನಿರಾಳವಾಗಿ "ಇವತ್ತು ಬೇಡ" ಅನ್ನಬಲ್ಲೆ. ದಿಢೀರನೆ ಕೇಳುವವರಿಗೆ ಹಾಗೆ ಅನ್ನುವಷ್ಟು ಸಮಯವೂ ಸಿಗುವುದಿಲ್ಲ. ಅವರು ಆ ಒಂದು ಕ್ಷಣ ಕೊಟ್ಟರಲ್ಲ ಎಂಬುದೇ ನನಗೆ ದೊಡ್ಡದು.

ಇಂದುಮತಿ

ನಿಮ್ಮ ಹಾಗೆ ಬೇಡ ಅನ್ನಲು ಬರುವವರಿಗೆ ಅದು ಒಳ್ಳೆಯದೇ ಇರಬೇಕು. ಬೇಡ ಅನ್ನಲು ಬಾರದವರೇ ಹೆಚ್ಚು ಎಂಬ ಅಂದಾಜಿನ ಮೇಲೆ ನಾನು ಹೇಳಿದ್ದು. ಪ್ರಶ್ನೆಯಲ್ಲೇ "ಇವತ್ತು ಬೇಡ ಅಂದರೂ ಸರಿ" ಅಂತ ಸೇರಿಸಿದರೆ ಇಬ್ಬರಿಗೂ ಹೊಂದಬಹುದು, ಅದನ್ನು ನಮ್ಮ ತರಬೇತಿಯಲ್ಲೂ ಹೇಳಿ ನೋಡುತ್ತೇನೆ.

ಕೌಶಿಕ್

ಗುಂಪಿನಲ್ಲಿ ಐದಾರು ಜನ ಇದ್ದಾಗ? ಒಬ್ಬರನ್ನು ಕೇಳಿದರೆ ಉಳಿದವರೆಲ್ಲ ಅವರನ್ನೇ ನೋಡುತ್ತಾರೆ. ಎಲ್ಲರಿಗೂ ಒಟ್ಟಿಗೆ ಕೇಳಿದರೆ ಸರದಿಯ ಹಾಗಾಗಿ ಯಾರೂ ತಪ್ಪಿಸಿಕೊಳ್ಳಲಾಗದು.

ರೆಹಾನಾ

ಸರದಿ ಮಾಡಬೇಡಿ. ಎಲ್ಲರ ಮುಂದೆ ಪ್ರಶ್ನೆ ಇಟ್ಟು, ಯಾರನ್ನೂ ನೋಡದೆ, ನೀವೇ ಒಂದು ವಾಕ್ಯ ಹೇಳಿ ಶುರು ಮಾಡಿ. ಮಾತಾಡಬೇಕೆನ್ನಿಸಿದ ಇಬ್ಬರು ಮಾತಾಡುತ್ತಾರೆ. ಉಳಿದವರ ಕಡೆಗೆ ತಿರುಗಿ "ನೀವು ಏನೂ ಹೇಳಲಿಲ್ಲ" ಅನ್ನದಿದ್ದರೆ ಆಯಿತು.